ಒರೆಸದೆ ಬಿಟ್ಟ ಕುತ್ತಿಗೆ

ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಆ ಫೈಲ್ ತೆರೆದಾಗ ಕಂಪ್ಯೂಟರಿನ ಮೂಲೆಯಲ್ಲಿ ಇದ್ದ ಸಮಯ ಅದು. ಈಗಲೂ ಮನಸ್ಸು ಹಿಂದಕ್ಕೆ ಓಡಿದರೆ ಅಲ್ಲಿಗೇ ಹೋಗಿ ನಿಲ್ಲುತ್ತದೆ.

ಪುತ್ತೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ನನ್ನ ಕೆಲಸ. ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತ ಸೇರಿದವಳು, ಎಡಿಟಿಂಗ್ ಕಲಿತು ಅಲ್ಲೇ ಉಳಿದೆ. ಫೋಟೋ ತೆಗೆಯುವವರು ಮಾಲೀಕರು. ಅವರನ್ನು ಅಣ್ಣ ಅನ್ನುತ್ತೇನೆ.

ಆ ದಿನ ಬಂದವನು ಹಿಂದಿನ ವಾರ ಹೆಂಡತಿಯ ಫೋಟೋ ತೆಗೆಸಿಕೊಂಡು ಹೋದವನೇ. ಗಲ್ಫಿನಲ್ಲಿ ಕೆಲಸ, ಅವಳನ್ನೂ ಕರೆದುಕೊಂಡು ಹೋಗುವವನಿದ್ದ. ಅಂದು ಅವಳು ಕೂದಲು ಬಿಟ್ಟುಕೊಂಡೇ ಕುಳಿತಿದ್ದಳು. ಕಿವಿಯ ಹಿಂದೆ ಸರಿಸಿ ಎಂದು ಅಣ್ಣ ಹೇಳಿದಾಗ ಅವಳಿಗಿಂತ ಮೊದಲು ಅವನೇ, "ಹಾಗೇ ಇರ್ಲಿ" ಅಂದಿದ್ದ. ಈಗ ವೀಸಾ ಏಜೆಂಟ್ ಆ ಫೋಟೋ ವಾಪಸ್ ಕಳಿಸಿದ್ದ. ಕಿವಿ ಕಾಣಬೇಕು, ಕೂದಲು ಕಟ್ಟಿರಬೇಕು.

"ಪುನಃ ತೆಗೆಯುದು ಬೇಡ," ಎಂದು ಸ್ಟೂಲ್ ಎಳೆದು ನನ್ನ ಪಕ್ಕದಲ್ಲೇ ಕುಳಿತ. "ಕಂಪ್ಯೂಟರಲ್ಲಿ ಜಡೆ ಮಾಡಿ ಕೊಡಿ. ಈಗ ಎಲ್ಲ ಆಗ್ತದಲ್ಲ?"

"ವೀಸಾ ಫೋಟೋಕ್ಕೆ ಹಾಗೆಲ್ಲ ಮಾಡ್ಲಿಕ್ಕಿಲ್ಲ," ಅಂದೆ.

"ನೀವು ಮಾಡಿ ಮಾರಾಯ್ತಿ. ಅವಳಿಗೆ ಹುಷಾರಿಲ್ಲ. ಬರ್ಲಿಕ್ಕೆ ಆಗುದಿಲ್ಲ."

ಬಿಟ್ಟ ಕೂದಲನ್ನು ಜಡೆ ಮಾಡುವುದರಲ್ಲಿ ಜಡೆಯೇ ಸುಲಭದ ಕೆಲಸ. ಮದುಮಗಳೊಬ್ಬಳ ಹಳೆಯ ಫೋಟೋದಿಂದ ತೆಗೆದು, ಬಣ್ಣ ಹೊಂದಿಸಿ, ಹೆಗಲ ಮೇಲಿಟ್ಟರೆ ಆಯಿತು. ಕೂದಲು ಅಳಿಸಿದ ಜಾಗದಲ್ಲಿ ಏನೂ ಇರುವುದಿಲ್ಲ. ಕಷ್ಟ ಇರುವುದು ಅಲ್ಲಿ. ಕುತ್ತಿಗೆಯ ಅಂಚು ಕಟ್ಟಬೇಕು, ಗಲ್ಲದ ಕೆಳಗೆ ನೆರಳು ಬರಬೇಕು, ಹುಬ್ಬಿನ ಮಟ್ಟದಿಂದ ಮೂಗಿನ ಬುಡದ ಮಟ್ಟದವರೆಗೆ ಕಿವಿ ಕೂರಬೇಕು. ಕೆನ್ನೆಯ ಚರ್ಮ ತಂದು ಮೆತ್ತಿದರೆ ಕುತ್ತಿಗೆ ಸುಳ್ಳಾಗಿ ಕಾಣುತ್ತದೆ. ಹಾಗಾಗಿ ನಾನು ಮೊದಲು ಫೋಟೋದ ಕಪ್ಪು ಭಾಗವನ್ನಷ್ಟೇ ಬೆಳಗಿಸಿ, ಎಳೆಗಳ ನಡುವೆ ಅವರದೇ ಕುತ್ತಿಗೆಯ ಚರ್ಮ ಎಲ್ಲಾದರೂ ಸಿಗುತ್ತದಾ ಎಂದು ಹುಡುಕುತ್ತೇನೆ.

ಅಂದೂ ಹಾಗೆ ಹುಡುಕಿದೆ. ಚರ್ಮ ಸಿಕ್ಕಿತು. ಒಂದು ಪಕ್ಕದಲ್ಲಿ ಸಾಲಾಗಿ ನೀಲಿ ಕಲೆಗಳು. ಇನ್ನೊಂದು ಪಕ್ಕದಲ್ಲಿ ಒಂದೇ ಒಂದು, ಹೆಬ್ಬೆರಳಿನ ಅಗಲ.

"ಅದೆಂತ ಕಪ್ಪು?" ಕೇಳಿದ.

"ಕೂದಲಿನ ನೆರಳು," ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಎನಿಸಿತು.

"ಒರೆಸಿ."

ಅವನ ಕೈ ಮೇಜಿನ ಮೇಲೆ, ನನ್ನ ಮೌಸಿನ ಹತ್ತಿರವೇ ಇತ್ತು. ಅದನ್ನು ನೋಡದಿರಲು ಎಷ್ಟು ಪ್ರಯತ್ನಪಟ್ಟೆನೋ ಅಷ್ಟೇ ಸಲ ನೋಡಿದೆ. ಒರೆಸಿದೆ. ಬಲಗಿವಿ ಅರ್ಧ ಕಾಣುತ್ತಿತ್ತು. ಅದನ್ನು ಪೂರ್ತಿ ಮಾಡಿ, ಮಗುಚಿ, ಎಡಗಡೆಗೆ ಹಾಕಿ, ಬೆಳಕಿಗೆ ತಕ್ಕಂತೆ ಸ್ವಲ್ಪ ಮಬ್ಬು ಮಾಡಿದೆ. ಪರದೆಯ ಮೇಲೆ ನುಣುಪಾದ ಕುತ್ತಿಗೆಯ ಹೆಂಗಸೊಬ್ಬಳು ಕುಳಿತಿದ್ದಳು. ಅವನು ಮುಂದಕ್ಕೆ ಬಾಗಿ, "ಹಾ, ಈಗ ಸರಿ ಆಯ್ತು," ಅಂದ.

ಈ ಫೋಟೋ ಕೈಗೆ ಸಿಕ್ಕಿದರೆ ಅವಳು ಅವನ ಜೊತೆ ವಿಮಾನ ಹತ್ತುತ್ತಾಳೆ. ಅಲ್ಲಿ ಅವಳ ಕುತ್ತಿಗೆ ನೋಡುವವರು ಯಾರು?

ಅಣ್ಣನನ್ನು ಕರೆದೆ. ತುಳುವಿನಲ್ಲಿ ಗುಟ್ಟು ಹೇಳೋಣವೆಂದರೆ ಅವನಿಗೂ ತುಳು ಬರುತ್ತದೆ. "ಕಿವಿ ಸರಿ ಉಂಟಾ ನೋಡಿ ಅಣ್ಣ," ಎಂದು ಮೂಲ ಫೋಟೋವನ್ನು ಬೆಳಗಿಸಿ ಒಂದು ಗಳಿಗೆ ತೋರಿಸಿ ಮುಚ್ಚಿದೆ. ಅಣ್ಣ ಕನ್ನಡಕ ತೆಗೆದು ಒರೆಸಿಕೊಂಡರು.

"ಇದು ಆಗುದಿಲ್ಲ ಮಾರಾಯ್ರೆ," ಅಂದರು ಅವನಿಗೆ. "ಎರಡೂ ಕಿವಿ ಒಂದೇ ಅಚ್ಚು. ಅಲ್ಲಿ ಮಿಷನ್ ಹಿಡಿತದೆ. ಆಮೇಲೆ ನಿಮ್ಮ ವೀಸಾಕ್ಕೂ ತೊಂದರೆ. ನಾಳೆ ಕರ್ಕೊಂಡು ಬನ್ನಿ, ಎರಡೇ ನಿಮಿಷ."

ಅವನು ನಮ್ಮಿಬ್ಬರ ಮುಖ ನೋಡಿದ. ಸ್ಟೂಲ್ ಹಿಂದಕ್ಕೆ ತಳ್ಳಿ ಎದ್ದು ಹೋದ. ಬೇರೆ ಸ್ಟುಡಿಯೋಗೆ ಹೋದರೆ? ಆ ದಿನವಿಡೀ ನಾನು ಒಂದು ಮದುವೆ ಆಲ್ಬಮ್ಮಿನ ಒಂದೇ ಪುಟ ತೆರೆದು ಕುಳಿತಿದ್ದೆ.

ಮರುದಿನ ಮಧ್ಯಾಹ್ನ ಇಬ್ಬರೂ ಬಂದರು. ಅವಳು ಆಗಲೂ ಕೂದಲು ಬಿಟ್ಟುಕೊಂಡೇ ಇದ್ದಳು. "ಒಳಗೆ ಬನ್ನಿ ಅಕ್ಕ, ಜಡೆ ಹಾಕ್ತೇನೆ," ಎಂದು ಬಟ್ಟೆಯ ಪರದೆಯ ಹಿಂದಿನ ಕನ್ನಡಿಯ ಕೋಣೆಗೆ ಕರೆದೆ. ಅವನೂ ಎದ್ದ. ಅಣ್ಣ ತಡೆದರು: "ನಿಮ್ಮದೂ ಒಂದು ತೆಗೀತೇನೆ, ಕೂತ್ಕೊಳ್ಳಿ. ಆ ಅಂಗಿಯ ಕಾಲರ್ ಎಂತ, ಆಡು ಮೇದ ಹಾಗೆ ಉಂಟು! ಸರಿ ಮಾಡಿ."

ಕೂದಲು ಎತ್ತಿದೆ. ಹಳೆಯ ಕಲೆಗಳು ಹಳದಿ ತಿರುಗಿದ್ದವು, ಅವುಗಳ ಮೇಲೆ ಹೊಸವು. ಎಡಗಿವಿಯ ಹಾಲೆ ಓಲೆಯ ತೂತಿನಿಂದ ಕೆಳಗಿನವರೆಗೆ ಹರಿದು, ಕೀವು ಕಟ್ಟಿ ಬಾತಿತ್ತು. ನಾನು ಕಟ್ಟಿದ ಕಿವಿ ಹೀಗಿರಲಿಲ್ಲ.

ಕನ್ನಡಿಯಲ್ಲಿ ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ನನ್ನ ಫೋನ್ ಅವಳ ಮಡಿಲಲ್ಲಿಟ್ಟೆ.

"ಪೊಲೀಸ್ ಬೇಡ," ಪಿಸುಗುಟ್ಟಿದಳು. "ನನ್ನ ಅಣ್ಣನಿಗೆ ಮಾಡ್ತೇನೆ. ಸುಳ್ಯದಲ್ಲಿ ಇದ್ದಾನೆ."

ಅವಳ ಮನೆಮಾತಾದ ಅರೆಭಾಷೆಯಲ್ಲಿ ನಾಲ್ಕು ಮಾತು, ಅಷ್ಟೆ. ಸುಳ್ಯದಿಂದ ಮುಕ್ಕಾಲು ಗಂಟೆಯ ದಾರಿ. ನಾನು ಜಡೆ ಹೆಣೆದು ಬಿಚ್ಚಿದೆ, ಮತ್ತೆ ಹೆಣೆದೆ.

"ಎಂತ, ಮದುಮಗಳನ್ನು ರೆಡಿ ಮಾಡುದಾ ಅಲ್ಲಿ?" ಹೊರಗಿನಿಂದ ಅವನು.

ಫೋಟೋ ತೆಗೆದಾಗ ಅದು ದೊಡ್ಡ ಪರದೆಯಲ್ಲಿ ಬಂತು. ಸ್ಟುಡಿಯೋದ ಬೆಳಕು ಏನನ್ನೂ ಮುಚ್ಚಿಡುವುದಿಲ್ಲ.

"ಬಿದ್ದದ್ದು ಅವಳು," ಅಂದ. "ಅದನ್ನು ಒರೆಸಿ."

"ಒರೆಸ್ಲಿಕ್ಕೆ ಹೊತ್ತು ಬೇಕು," ಎಂದು ಕುಳಿತೆ. ಇಷ್ಟು ನಿಧಾನವಾಗಿ ನಾನು ಯಾವತ್ತೂ ಕೆಲಸ ಮಾಡಿರಲಿಲ್ಲ. ಹಣೆಯ ಅಂಚಿನ ಒಂದೊಂದೇ ಎಳೆ ತಿದ್ದಿದೆ, ಕುತ್ತಿಗೆಯ ತಂಟೆಗೇ ಹೋಗಲಿಲ್ಲ. ಅದು ಅವನಿಗೆ ಗೊತ್ತಾಯಿತು.

"ಸಾಕು. ನಡಿ," ಎಂದು ಎದ್ದು ಅವಳ ಜಡೆ ಹಿಡಿದ. ಹಗ್ಗ ಸುತ್ತುವ ಹಾಗೆ ಕೈಗೆ ಒಂದು ಸುತ್ತು ಸುತ್ತಿಕೊಂಡ. ಅವಳ ತಲೆ ಹಿಂದಕ್ಕೆ ವಾಲಿತು. ಸ್ವಲ್ಪ ಹೊತ್ತಿನ ಹಿಂದೆ ಅದನ್ನು ಬಿಗಿಯಾಗಿ ಹೆಣೆದದ್ದು ನಾನೇ.

ಅಣ್ಣ ಗಾಜಿನ ಬಾಗಿಲು ತೆರೆದು ರಸ್ತೆಗೆ ಕೇಳುವ ಹಾಗೆ ಕೂಗಿದರು: "ಜಡೆ ಬಿಡು! ಬಿಡು ಹೇಳಿದ್ದು!"

ರಿಕ್ಷಾ ಸ್ಟ್ಯಾಂಡಿನವರು ಬಂದು ಬಾಗಿಲಿಗೆ ಅಡ್ಡ ನಿಂತರು. ಅವನು ಕೈ ಬಿಟ್ಟ. "ನಿನ್ನ ಮುಖ ನೆನಪಿಟ್ಟುಕೊಳ್ತೇನೆ," ಅಂದ. ಅವಳಿಗಲ್ಲ, ನನಗೆ. ಅವಳ ಅಣ್ಣ ಬಂದು ತಲುಪುವವರೆಗೆ ಯಾರೂ ಅವನನ್ನು ಹೊರಗೆ ಬಿಡಲಿಲ್ಲ. ಆಮೇಲೆ ಅವಳು ತಾನಾಗಿಯೇ, "ಠಾಣೆಗೆ ಹೋಗುವ," ಅಂದಳು. ಆ ಫೋಟೋವನ್ನು ಒಂದು ಚುಕ್ಕೆಯೂ ಬದಲಿಸದೆ ಪ್ರಿಂಟ್ ಮಾಡಿ ಕೊಟ್ಟೆ.

ಜಾಮೀನು ಸಿಕ್ಕಿದ ಮೇಲೆ ಅವನು ಎದುರಿನ ಅಂಗಡಿಯ ಜಗಲಿಯಲ್ಲಿ ಬಂದು ನಿಲ್ಲುತ್ತಿದ್ದ. ಸುಮ್ಮನೆ. ಅಣ್ಣ ಹೋಗಿ ಠಾಣೆಯಲ್ಲಿ ಹೇಳಿದರು. ಕೆಲವು ದಿನ ಕಾಣುತ್ತಿರಲಿಲ್ಲ, ಮತ್ತೆ ಕಾಣುತ್ತಿದ್ದ. ನಾನು ಕೂದಲು ಕಟ್ಟುವುದನ್ನೇ ಬಿಟ್ಟೆ. ಮಲಗಿದರೆ ಜಡೆ ಯಾರದೋ ಕೈಯಲ್ಲಿ ಒಂದು ಸುತ್ತು ಸುತ್ತಿಕೊಂಡಂತೆ ಎಚ್ಚರವಾಗುತ್ತಿತ್ತು.

ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಅವಳು ತನ್ನ ಅತ್ತಿಗೆಯ ಜೊತೆ ಬಂದಳು. ಸುಳ್ಯದಲ್ಲಿ ಕೆಲಸಕ್ಕೆ ಅರ್ಜಿ ಹಾಕಲು ಫೋಟೋ ಬೇಕಿತ್ತು. ಅವನು ಕೋರ್ಟಿನ ಅನುಮತಿ ಪಡೆದು ಒಬ್ಬನೇ ಗಲ್ಫಿಗೆ ಹೋಗಿದ್ದಾನೆ, ಕೇಸು ನಡೆಯುತ್ತಿದೆ ಎಂದಳು. ಕೂದಲನ್ನು ಎತ್ತಿ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ್ದಳು. ಕುತ್ತಿಗೆ ತಿಳಿಯಾಗಿತ್ತು. ಎಡಗಿವಿಯ ಹಾಲೆಯಲ್ಲಿ ಹೊಲಿಗೆಯ ಗೆರೆ ಮಾತ್ರ ಉಳಿದಿತ್ತು.

ಫೋಟೋ ತೆಗೆದಾದ ಮೇಲೆ, "ಅದನ್ನು ಸರಿ ಮಾಡ್ಲಾ ಅಕ್ಕ?" ಎಂದು ಕೇಳಿದೆ.

ಪರದೆಯ ಹತ್ತಿರ ಬಂದು ತನ್ನ ಕಿವಿಯನ್ನು ತಾನೇ ಸ್ವಲ್ಪ ಹೊತ್ತು ನೋಡಿದಳು.

"ಬೇಡ. ಹಾಗೇ ಇರ್ಲಿ."

ಹಾಗೇ ಪ್ರಿಂಟ್ ಹಾಕಿದೆ. ಆ ದಿನ ಮನೆಗೆ ಹೋಗಿ, ಊಟ ಮಾಡಿ, ಕೂದಲು ಹೆಣೆದು ಮಲಗಿದೆ. ಎಚ್ಚರವಾದಾಗ ಬೆಳಗಾಗಿತ್ತು.