ಅಂಗಾರನ ಹೆಬ್ಬೆರಳು

ಚೆಂಬೂರು ಸ್ಟೇಷನ್ನಿಗೆ ಕೂಗಳತೆಯಲ್ಲಿರುವ ಕಿಶೋರ ಶೆಟ್ಟರ ಹೋಟೆಲು ಇಡ್ಲಿಗೆ ಹೆಸರಾಗಿತ್ತು. ಹೆಸರು ಶೆಟ್ಟರದು, ಇಡ್ಲಿ ಅಂಗಾರನದು. ಕಾರ್ಕಳದ ಕಡೆಯಿಂದ ಮೀಸೆ ಮೂಡುವ ಮೊದಲೇ ಬಂದು ಹಿಟ್ಟು ರುಬ್ಬಲು ನಿಂತವನಿಗೆ ಈಗ ಮೀಸೆ ನರೆತಿತ್ತು. ನಡುವೆ ಒಂದೆರಡು ಸಲ ಊರಿಗೆ ಹೋಗಿ ಹೆಣ್ಣು ನೋಡುವ ಮಾತು ಬಂದದ್ದುಂಟು. ಆಗೆಲ್ಲ ಧಣಿಗೆ ಗಣಪತಿ ಹಬ್ಬದ್ದೋ ದೀಪಾವಳಿಯದ್ದೋ ರಶ್ಶು ನೆನಪಾಗುತ್ತಿತ್ತು. "ಮುಂದಿನ ವರ್ಷ ಹೋಗು ಮಾರಾಯ, ಹೆಣ್ಣು ಎಲ್ಲಿ ಓಡಿಹೋಗ್ತದೆ?" ಎನ್ನುತ್ತಿದ್ದರು. ಹೆಣ್ಣುಗಳು ಓಡಲಿಲ್ಲ, ಬೇರೆಯವರನ್ನು ಮದುವೆಯಾದರು. ಅಂಗಾರ ವಡಾಲದ ಚಾಳಿನ ಕೋಣೆಯಲ್ಲಿ ಒಂಟಿಯಾಗಿಯೇ ಉಳಿದ.

ಅವನ ಬಲಗೈ ಹೆಬ್ಬೆರಳಿನ ಉಗುರು ನೋಡಲು ಚೆಂದವಿರಲಿಲ್ಲ. ನಡುವೆ ಬುಡದಿಂದ ತುದಿಯವರೆಗೆ ಒಂದು ಏಣು, ಏಣಿನ ಪಕ್ಕದಲ್ಲೇ ಸೀಳು. ಎರಡು ಹೆಂಚುಗಳನ್ನು ಸರಿಯಾಗಿ ಜೋಡಿಸದೆ ಬಿಟ್ಟ ಹಾಗೆ. ಹೊಸದಾಗಿ ಕೆಲಸಕ್ಕೆ ಸೇರಿದ ಕಾಲದಲ್ಲಿ ಗ್ರೈಂಡರಿನ ಗುಂಡುಕಲ್ಲು ಎತ್ತುವಾಗ ಜಾರಿ ಬೆರಳಿನ ಮೇಲೆ ಬಿದ್ದಿತ್ತು. ಉಗುರು ಕಪ್ಪಾಗಿ ಕಳಚಿತು. ಹೊಸದು ಬಂದದ್ದು ಸೀಳಿಕೊಂಡೇ ಬಂತು, ಆಮೇಲೆ ಬಂದದ್ದೆಲ್ಲ ಹಾಗೆಯೇ. ಅಂಗಾರ ಅದನ್ನು ಮರೆತೇಬಿಟ್ಟಿದ್ದ.

ನೆನಪು ಮಾಡಿಕೊಟ್ಟದ್ದು ಇಂಟರ್ನೆಟ್ಟು. ಒಂದು ಭಾನುವಾರ ಇಬ್ಬರು ವೇಟರುಗಳು ರಜೆ ಹಾಕಿದ್ದರಿಂದ ಅಂಗಾರನೇ ಇಡ್ಲಿ ಪ್ಲೇಟು ಹಿಡಿದು ಹೊರಗೆ ಬಂದ. ಊಟಕ್ಕಿಂತ ಊಟದ ಫೋಟೋವನ್ನೇ ಹೆಚ್ಚು ತಿನ್ನುವ ಒಬ್ಬ ಹುಡುಗಿ ಇಡ್ಲಿಯ ಫೋಟೋ ತೆಗೆದಳು. ಚಿತ್ರದಲ್ಲಿ ಇಡ್ಲಿ ಮಸುಕಾಗಿ, ತಟ್ಟೆಯಂಚಿನ ಹೆಬ್ಬೆರಳು ಸ್ಪಷ್ಟವಾಗಿ ಬಂತು. ಕೆಳಗೆ ಅವಳು ಬರೆದಳು: 'ಇಡ್ಲಿ ಜೊತೆ ಫಂಗಸ್ ಫ್ರೀ.'

ಸಂಜೆಯೊಳಗೆ ಉಗುರನ್ನು ಕುರಿತು ತಿಳಿಯದವರು ಮುಂಬಯಿಯಲ್ಲಿ ಯಾರೂ ಉಳಿದಿರಲಿಲ್ಲ. ಕೆಲವರು ಫಂಗಸ್ ಎಂದರು, ಕೆಲವರು ಲಿವರ್ ಹೋಗಿದೆ ಎಂದರು. ಠಾಣೆಯ ಒಬ್ಬ ಜ್ಯೋತಿಷಿ ಶನಿಯ ಕಾಟವೆಂದು ಬರೆದು ತನ್ನ ನಂಬರನ್ನೂ ಹಾಕಿದ.

"ಏನಾತ್ರೀ ಅಂಗಾರಣ್ಣಾ," ಎಂದ ವಿಜಯಪುರದ ಕಡೆಯ ವೇಟರ್ ಹಣಮಂತ, ಮೊಬೈಲು ತೋರಿಸುತ್ತ. "ಒಂದು ಬೆರಳಿಗೆ ಇಷ್ಟು ಮಂದಿ ಬೈಯಾಕತ್ತಾರಲ್ಲ. ನಮ್ಮ ಮಾವ ಎಂಟು ವರ್ಷ ಊರಿನ ಮೆಂಬರ್ ಇದ್ದ, ಅವಗೂ ಇಷ್ಟು ಬೈದಿಲ್ಲ."

ಅಂಗಾರ ತನ್ನದೇ ಬೆರಳನ್ನು ಪರದೆಯ ಮೇಲೆ ದೊಡ್ಡದಾಗಿ ನೋಡಿ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡ. ಯಾರದೋ ಮನೆಯ ವಸ್ತು ಕದ್ದು ಸಿಕ್ಕಿಬಿದ್ದವನ ಹಾಗೆ ಅವನ ಕಿವಿ ಬಿಸಿಯಾಯಿತು.

ಮರುದಿನ ಶೆಟ್ಟರ ಮಗ ಅಕ್ಷಯ ಮೀಟಿಂಗು ಕರೆದ. ಮ್ಯಾನೇಜ್‌ಮೆಂಟ್ ಓದಿ ಬಂದ ಮೇಲೆ ಅವನು ಉಪ್ಪು ತೀರಿದರೂ ಮೀಟಿಂಗು ಕರೆಯುತ್ತಿದ್ದ. "ಪಪ್ಪಾ, ಇದು ಸೀರಿಯಸ್ ಉಂಟು. ಬ್ರ್ಯಾಂಡ್ ಕಾ... ಎಂತ ಹೇಳ್ತಾರೆ, ಮರ್ಯಾದೆ ಹೋಗ್ತದೆ. ಸಬ್‌ಕಾ ನೇಲ್ ಚೆಕ್ ಮಾಡುವ."

ಅಡುಗೆಮನೆಯವರೆಲ್ಲ ಶಾಲಾಮಕ್ಕಳ ಹಾಗೆ ಕೈ ಚಾಚಿ ಸಾಲಾಗಿ ನಿಂತರು. ಶೆಟ್ಟರು ಮೂಗಿನ ಮೇಲೆ ಕನ್ನಡಕ ಇಳಿಸಿಕೊಂಡು ಒಂದೊಂದೇ ಉಗುರನ್ನು ಪರೀಕ್ಷಿಸಿದರು. ಮುದುಕ ಭಟ್ಟರ ಉಗುರುಗಳಲ್ಲಿ ಉದ್ದುದ್ದ ಸಣ್ಣ ಗೆರೆಗಳಿದ್ದವು. "ಇದೂ ರೋಗವೇ," ಎಂದು ಶೆಟ್ಟರು ಅವರನ್ನು ಪಕ್ಕಕ್ಕೆ ನಿಲ್ಲಿಸಿದರು. ಕೊನೆಗೆ ತೆಂಗಿನಕಾಯಿ ತುರಿದು ತರಕಾರಿ ಹೆಚ್ಚುವ ರಾಜೀವಿಯ ಸರದಿ. ಅವಳ ಉಗುರುಗಳು ತೆಳ್ಳಗೆ, ಬೆಳ್ಳಗೆ, ಒಂದು ಚೂರೂ ಕೊಳೆಯಿಲ್ಲದೆ, ನಡುವೆ ತಗ್ಗಾಗಿ ಅಂಚು ಮೇಲಕ್ಕೆದ್ದು, ಪುಟ್ಟ ಚಮಚಗಳನ್ನು ಸಾಲಾಗಿ ಇಟ್ಟಂತಿದ್ದವು.

"ನೋಡಿ ಎಲ್ಲರೂ!" ಎಂದು ಶೆಟ್ಟರು ಅವಳ ಕೈ ಎತ್ತಿ ಹಿಡಿದರು. "ಉಗುರು ಅಂದ್ರೆ ಹೀಗಿರ್ಬೇಕು. ಎಷ್ಟು ಬಿಳಿ, ಎಷ್ಟು ನಾಜೂಕು!"

ರಾಜೀವಿ ನಾಚಿದಳು. ಭಾಂಡುಪಿನಿಂದ ಎರಡು ರೈಲು ಬದಲಿಸಿ ಬರುವ ಅವಳನ್ನು ಯಾರೂ ಯಾವುದಕ್ಕೂ ಹೊಗಳಿದ್ದಿರಲಿಲ್ಲ. ಅಕ್ಷಯ ಆ ಕೈಯ ಫೋಟೋ ತೆಗೆದು ಪೋಸ್ಟರು ಮಾಡಿಸಿದ. 'ನಮ್ಮ ಕೈ, ನಿಮ್ಮ ಆರೋಗ್ಯ' ಎಂದು ಮೂರು ಭಾಷೆಗಳಲ್ಲಿ ಬರೆಸಿ ಗಲ್ಲಾದ ಮೇಲೆ ತೂಗುಹಾಕಿಸಿದ.

ಅಂಗಾರನಿಗೆ ಗ್ರೈಂಡರು ಮುಟ್ಟಬಾರದೆಂದು ಆಜ್ಞೆಯಾಯಿತು. ಬಾಗಿಲಲ್ಲಿ ನಿಂತು ಸ್ಕೂಟರುಗಳನ್ನು ಸರಿಸುವುದು ಅವನ ಹೊಸ ಕೆಲಸ. ಹಿಟ್ಟನ್ನು ಬೇರೆಯವರು ರುಬ್ಬಿದರು. ಇಡ್ಲಿ ಅಂಗಳದ ಕಲ್ಲಿನಂತಾಯಿತು. ಗಿರಾಕಿಗಳು ಉಗುರಿಲ್ಲದ ಆ ಇಡ್ಲಿಯನ್ನು ಅರ್ಧ ತಿಂದು ಬಿಟ್ಟು ಹೋದರು. ಸಿಕ್ಕ ಸಿಕ್ಕವರು ಹೇಳಿದ ಮುಲಾಮು, ನಿಂಬೆರಸ, ಬೇವಿನೆಣ್ಣೆ ಎಲ್ಲವನ್ನೂ ಅಂಗಾರ ಹಚ್ಚಿದ. ಉಗುರು ಹೊಳೆಯಿತು, ಸೀಳು ಮಾತ್ರ ಹಾಗೇ ಇತ್ತು.

"ಬೇಜಾರು ಮಾಡ್ಬೇಡ ಅಂಗಾರಣ್ಣ," ಎಂದಳು ರಾಜೀವಿ ಒಂದು ಮಧ್ಯಾಹ್ನ, ಹಿಂಬಾಗಿಲ ಮೆಟ್ಟಿಲಲ್ಲಿ ಏದುಸಿರು ಬಿಡುತ್ತ ಕೂತು. ಅಟ್ಟದ ಮೇಲಿಂದ ಈರುಳ್ಳಿ ಇಳಿಸಿ ಬಂದಿದ್ದಳು. ಸೆರಗಿನಿಂದ ಒಂದು ಹಿಡಿ ಹಸಿ ಅಕ್ಕಿ ತೆಗೆದು ಬಾಯಿಗೆ ಹಾಕಿಕೊಂಡಳು.

"ಅಕ್ಕಿ ಕಡಿಮೆ ಆಗ್ತದೆ ಅಂತ ಧಣಿ ಇಲಿಗೆ ಬೋನು ಇಟ್ಟಿದ್ದಾರೆ. ಇಲಿ ನೀನೇಯಾ?"

"ಎಂತ ಮಾಡೂದು? ತಿನ್ನದಿದ್ರೆ ತಲೆ ಕೆಡ್ತದೆ. ಅನ್ನ ಬೇಡ, ಇದೇ ಬೇಕು ಅನಿಸ್ತದೆ."

ಅಂಗಾರ ನಕ್ಕ. ಬಸುರಿಯರಿಗೆ ಹೀಗಾಗುವುದನ್ನು ಕೇಳಿದ್ದ. ಆದರೆ ಅವಳ ಮಗಳೇ ಕಾಲೇಜು ಓದುತ್ತಿದ್ದಳು. ಗಂಡಸು ಕೇಳುವ ಮಾತೂ ಅದಾಗಿರಲಿಲ್ಲ.

ಇಡ್ಲಿಯ ವ್ಯಾಪಾರ ಇಳಿದದ್ದು ಉಗುರಿನ ಅವಮಾನಕ್ಕಿಂತ ದೊಡ್ಡದಾಗಿ ಕಂಡ ದಿನ ಶೆಟ್ಟರು ತಾವೇ ಅಂಗಾರನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಚರ್ಮದ ಡಾಕ್ಟರ ಬಳಿಗೆ ಹೊರಟರು. ಅಕ್ಷಯನೂ ಬಂದ. ಡಾಕ್ಟರಮ್ಮ ಧಾರವಾಡ ಕಡೆಯವರು.

"ಇವನ ಫಂಗಸ್ ಹೋಗಿದೆ ಅಂತ ಒಂದು ಸರ್ಟಿಫಿಕೇಟ್ ಬೇಕಿತ್ತು," ಎಂದರು ಶೆಟ್ಟರು ಕೂರುವ ಮೊದಲೇ.

"ಬಂದಿದ್ದು ಖಾತ್ರಿ ಆಗ್ಲಿ, ಆಮ್ಯಾಲೆ ಹೋಗಿದ್ದು ನೋಡೋಣು," ಎಂದು ಡಾಕ್ಟರಮ್ಮ ಅಂಗಾರನ ಕೈಯನ್ನು ದೀಪದ ಕೆಳಗೆ ಎಳೆದುಕೊಂಡರು. "ಎಷ್ಟು ವರ್ಷ ಆತು ಇದಕ್ಕ?"

"ಮೀಸೆ ಬರುವ ಮೊದಲಿನದ್ದು ಅಮ್ಮ. ಗುಂಡುಕಲ್ಲು ಬಿದ್ದದ್ದು."

"ಅಂದಿನಿಂದ ಹಿಂಗೇ ಐತೇನು? ಹೆಚ್ಚಾಗಿಲ್ಲ, ಬ್ಯಾರೆ ಬೆರಳಿಗೆ ಹಬ್ಬಿಲ್ಲ?"

"ಇಲ್ಲ."

ಅವರು ಉಗುರಿನ ಬುಡವನ್ನು ಒತ್ತಿ ನೋಡಿದರು. ಉಗುರು ಹುಟ್ಟುವುದು ಚರ್ಮದೊಳಗಿನ ಈ ಬುಡದಲ್ಲಿ. ಅಲ್ಲಿ ಗಾಯವಾಗಿ ಕಲೆ ಉಳಿದರೆ ಮುಂದೆ ಬರುವ ಉಗುರೆಲ್ಲ ಅದೇ ಸೀಳಿನ ಅಚ್ಚಿನಲ್ಲೇ ಬರುತ್ತದೆ ಎಂದು ವಿವರಿಸಿದರು. ಫಂಗಸ್ಸಾದರೆ ಸಾಮಾನ್ಯವಾಗಿ ಉಗುರು ಹಳದಿಯಾಗಿ ದಪ್ಪವಾಗುತ್ತದೆ, ಅಡಿಯಲ್ಲಿ ಪುಡಿ ಕಟ್ಟುತ್ತದೆ, ಮೆಲ್ಲಗೆ ಹಬ್ಬುತ್ತದೆ. ಆದರೂ ಕಣ್ಣನ್ನೇ ನಂಬಬಾರದೆಂದು ಉಗುರಿನ ತುಣುಕು ಕತ್ತರಿಸಿ ಲ್ಯಾಬಿಗೆ ಕೊಟ್ಟರು.

"ಹಾಗಾದ್ರೆ ನಮ್ಮ ಭಟ್ಟರ ಗೆರೆಗಳು?" ಎಂದರು ಶೆಟ್ಟರು.

"ಉದ್ದಕ್ಕ ಸಣ್ಣ ಗೆರೆ ಇದ್ರ ವಯಸ್ಸಿಂದು ರೀ. ಕೂದಲು ನರೆತಂಗ." ಡಾಕ್ಟರಮ್ಮನ ಕಣ್ಣು ಈಗ ಮೇಜಿನ ಕೆಳಗೆ, ಶೆಟ್ಟರ ಚಪ್ಪಲಿಯ ಮೇಲಿತ್ತು. "ಆದ್ರ ನಿಮ್ಮ ಕಾಲು ಸ್ವಲ್ಪ ಮ್ಯಾಲೆ ಇಡ್ರಿ."

ಶೆಟ್ಟರ ಕಾಲಿನ ಹೆಬ್ಬೆರಳಿನ ಉಗುರು ಹಳೆಯ ಬೆಲ್ಲದ ತುಂಡಿನಂತೆ ಹಳದಿಗಟ್ಟಿ, ದಪ್ಪವಾಗಿ, ಅಂಚಿನಲ್ಲಿ ಉದುರುತ್ತಿತ್ತು. "ಅದು ಹಾಗೆಯೇ," ಎಂದರು ಶೆಟ್ಟರು, ಕಾಲನ್ನು ಹಿಂದಕ್ಕೆಳೆಯುತ್ತ. "ಶೂಸಿನದ್ದು." ಆದರೂ ಅದರ ತುಣುಕೂ ಲ್ಯಾಬಿಗೆ ಹೋಯಿತು. ಅಂಗಾರ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡಿದ.

ತಂದೆಯ ಮರ್ಯಾದೆ ಉಳಿಸಲು ಅಕ್ಷಯ ಮೊಬೈಲು ಚಾಚಿದ. "ಡಾಕ್ಟರ್, ನಮ್ಮ ಕಿಚನ್ ಹೈಜೀನ್ ಏಕ್‌ದಮ್ ಟಾಪ್ ಉಂಟು. ಪೋಸ್ಟರ್ ನೋಡಿ."

ಡಾಕ್ಟರಮ್ಮ ನೋಡಿದರು. ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ಮತ್ತೆ ನೋಡಿದರು. ಅವರ ಮುಖದ ನಗು ಹೋಗಿತ್ತು. "ಈ ಕೈ ಯಾರದು?"

"ನಮ್ಮ ರಾಜೀವಿಯದು. ಬೆಸ್ಟ್ ನೇಲ್ಸ್," ಎಂದ ಅಕ್ಷಯ.

"ಇವು ಚಮಚದ ಉಗುರು ರೀ. ದಿನಾ ನೀರಾಗ ಕೈ ಹಾಕಿದ್ರೂ ಹಿಂಗ ಆಗಬಹುದು. ಆದ್ರ ಇಷ್ಟು ಬಿಳಿಚಿದ್ದು ನೋಡಿದ್ರ ಮೊದಲು ಮೈಯಾಗ ಕಬ್ಬಿಣಾಂಶ ಕಡಿಮಿ ಆಗೇತೇನು ಅಂತ ನೋಡ್ಬೇಕು. ಆಕಿಗೆ ದಣಿವು, ಏದುಸಿರು ಏನರ ಐತೇನು?"

ಧಣಿಗೂ ಮಗನಿಗೂ ಗೊತ್ತಿರಲಿಲ್ಲ. ಅಂಗಾರನಿಗೆ ಹಿಂಬಾಗಿಲ ಮೆಟ್ಟಿಲು ನೆನಪಾಯಿತು. "ಉಂಟಮ್ಮ. ಮತ್ತೆ... ಹಸಿ ಅಕ್ಕಿ ತಿಂತಾಳೆ." ಹೇಳಿದ ಮೇಲೆ ಧಣಿಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

"ಇಲಿ ಅಲ್ವಾ ಅದು?" ಎಂದರು ಶೆಟ್ಟರು.

"ನಾಳೆನೇ ಕರ್ಕೊಂಡು ಬರ್ರಿ," ಎಂದರು ಡಾಕ್ಟರಮ್ಮ. ಕಬ್ಬಿಣಾಂಶ ಬಹಳ ಇಳಿದವರಿಗೆ ಅಕ್ಕಿ, ಮಣ್ಣು, ಐಸು ತಿನ್ನುವ ಆಸೆ ಹುಟ್ಟುವುದುಂಟು ಎಂದರು.

ಮರುದಿನ ರಾಜೀವಿ ತನ್ನ ಒಳ್ಳೆಯ ಸೀರೆ ಉಟ್ಟು ಹೋದಳು. ಪೋಸ್ಟರಿನ ವಿಷಯಕ್ಕೇ ಕರೆದಿದ್ದಾರೆಂದು ಅವಳ ಎಣಿಕೆ. ಡಾಕ್ಟರಮ್ಮ ಅವಳ ಉಗುರಿನ ಮೇಲೆ ಒಂದು ಹನಿ ನೀರು ಬಿಟ್ಟರು. ಹನಿ ಜಾರದೆ ಅಲ್ಲೇ ತಗ್ಗಿನಲ್ಲಿ ನಿಂತಿತು. ಕಣ್ಣಿನ ರೆಪ್ಪೆ ಎಳೆದು ನೋಡಿದರು, ರಕ್ತ ತೆಗೆಸಿದರು. ಗಂಡಸರನ್ನು ಹೊರಗೆ ಕಳಿಸಿ ತಿಂಗಳಿನ ಮುಟ್ಟಿನ ಬಗ್ಗೆ ಕೇಳಿದರು. ರಾಜೀವಿ ವರ್ಷಗಳಿಂದ ಯಾರಿಗೂ ಹೇಳದ್ದನ್ನು ಅಲ್ಲಿ ಹೇಳಿದಳು. ಎಲ್ಲ ಹೆಂಗಸರಿಗೂ ಹಾಗೆಯೇ ಎಂದು ಅವಳು ತಿಳಿದಿದ್ದಳು.

ರಕ್ತದಲ್ಲಿ ಹಿಮೋಗ್ಲೋಬಿನ್ ಇರಬೇಕಾದುದರ ಅರ್ಧಕ್ಕಿಂತ ತುಸು ಹೆಚ್ಚಿತ್ತು, ಕಬ್ಬಿಣದ ದಾಸ್ತಾನು ತಳ ಕಂಡಿತ್ತು. ಹೆಂಗಸರ ಡಾಕ್ಟರು ಸ್ಕ್ಯಾನ್ ಮಾಡಿಸಿ ಗರ್ಭಕೋಶದಲ್ಲಿ ಗಡ್ಡೆ ಇದೆ, ಕ್ಯಾನ್ಸರಿನದ್ದಲ್ಲ, ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುತ್ತಿದ್ದುದು ಅದರಿಂದ ಎಂದರು. ಅದಕ್ಕೆ ಔಷಧಿ, ಜೊತೆಗೆ ಕಬ್ಬಿಣದ ಮಾತ್ರೆ. ಮಾತ್ರೆಯ ಆಸುಪಾಸಿನಲ್ಲಿ ಚಹಾ ಕಾಫಿ ಕುಡಿಯಬಾರದು, ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ ಎಂದರು. ಫಿಲ್ಟರ್ ಕಾಫಿಗೆ ಹೆಸರಾದ ಹೋಟೆಲಿನಲ್ಲಿ ರಾಜೀವಿ ನಿಂಬೆಹಣ್ಣಿನ ನೀರು ಕುಡಿಯತೊಡಗಿದಳು.

ಲ್ಯಾಬಿನಿಂದ ಉತ್ತರ ಬಂತು. ಅಂಗಾರನ ಉಗುರಿನಲ್ಲಿ ಫಂಗಸ್ ಇಲ್ಲ. ಶೆಟ್ಟರದರಲ್ಲಿ ಇತ್ತು. ಫಂಗಸ್ಸಿನ ಮಾತ್ರೆ ಲಿವರಿಗೆ ಭಾರವೆಂದು ಅವರು ಮೊದಲು ಲಿವರಿನ ಪರೀಕ್ಷೆ ಮಾಡಿಸಿ, ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಾಯಿತು. ಗಲ್ಲಾದಲ್ಲಿ ಸಾಕ್ಸ್ ಹಾಕಿ ಕೂತರು. ಯಾರಾದರೂ ಕೇಳಿದರೆ ಏಸಿಯ ಚಳಿ ಎಂದರು. ಏಸಿ ಕೆಟ್ಟು ವರ್ಷವಾಗಿತ್ತು.

ಅಂಗಾರ ಗ್ರೈಂಡರಿಗೆ ಮರಳಿದ. ಅಕ್ಷಯ 'ಅದು ಹಳೇ ಗಾಯ, ಫಂಗಸ್ ಅಲ್ಲ' ಎಂದು ಇಂಟರ್ನೆಟ್ಟಿನಲ್ಲಿ ಹಾಕಿದ. ಬೈಯಲು ಬಂದ ಸಾವಿರಾರು ಮಂದಿಯಲ್ಲಿ ಒಬ್ಬರೂ ಇದನ್ನು ಓದಲಿಲ್ಲ, ಓದಿದವರು ಹೋಟೆಲಿನ ಸಿಬ್ಬಂದಿ ಮಾತ್ರ. ಪೋಸ್ಟರು ಇಳಿಸಲು ಹೊರಟಾಗ ರಾಜೀವಿಯೇ ತಡೆದಳು.

"ಇರಲಿ ಬಿಡಿ ಅಕ್ಷಯಣ್ಣ. ನನ್ನ ಫೋಟೋ ಮತ್ತೆಲ್ಲಿ ಹಾಕ್ತಾರೆ?"

ಗಡ್ಡೆಯ ಆಪರೇಷನ್ನು ಬೇಕೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ಸ್ಕ್ಯಾನ್ ನೋಡಿ ಹೇಳುತ್ತಾರಂತೆ. ಅವಳಿಗೆ ಈಗ ಅಟ್ಟ ಹತ್ತಿದರೆ ಎದೆ ಹೊಡೆದುಕೊಳ್ಳುವುದಿಲ್ಲ. ಮೊನ್ನೆ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ ಅಂಗಾರನ ಮುಂದೆ ಕೈ ಚಾಚಿದಳು. ಉಗುರುಗಳ ಬುಡದಲ್ಲಿ ಅಕ್ಕಿಕಾಳಿನಷ್ಟು ಅಗಲಕ್ಕೆ ಹೊಸ ಉಗುರು ಸಪಾಟಾಗಿ, ನಸುಗೆಂಪಾಗಿ ಬಂದಿತ್ತು.

"ಪೂರ್ತಿ ಬರ್ಲಿಕ್ಕೆ ಇನ್ನೂ ತಿಂಗಳುಗಳು ಬೇಕಂತೆ," ಎಂದಳು.

"ಬರ್ಲಿ, ಎಂತ ಅರ್ಜೆಂಟು?" ಎಂದು ಅಂಗಾರ ಹಿಟ್ಟಿಗೆ ಉಪ್ಪು ಹಾಕಿದ.