ನನ್ನ ಮುಖದ ಮೇಲೆ ನಡೆದ ಪರೀಕ್ಷೆ

ಅಣ್ಣಿಗೇರಿ ಹತ್ತಿರದ ನಮ್ಮ ಹೊಲದಲ್ಲಿ ತಂಗಿಯ ಮಗಳು, ಅಂದರೆ ನನ್ನ ಸೊಸಿ, ಮತ್ತು ಅವಳ ಗಂಡ ಬೇಸಾಯದ ವಿಡಿಯೋ ಮಾಡುತ್ತಾರೆ. ಅದರಲ್ಲಿ ಮಾತನಾಡುವವನು ನಾನು. ಬೀಜದ ಫಾರ್ಮಿನಲ್ಲಿ ಮೂವತ್ತೊಂದು ವರ್ಷ ತಳಿಪ್ರಯೋಗದ ಮಡಿಗಳನ್ನು ನೋಡಿಕೊಂಡವನಿಗೆ ಕಡಲೆಯ ಬಗ್ಗೆ ಮಾತನಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ವಿಡಿಯೋ ತೆರೆಯುವ ಮೊದಲು ಫೋನಿನಲ್ಲಿ ಕಾಣುವ ಚಿತ್ರಕ್ಕೆ ಥಂಬ್‌ನೇಲ್ ಎನ್ನುತ್ತಾರೆ. ಎರಡು ವರ್ಷ ಆ ಚಿತ್ರದಲ್ಲಿ ನನ್ನ ಮುಖವಿತ್ತು.

ಒಂದು ಮಂಗಳವಾರ ಅಳಿಯ ಎರಡನೆಯ ಸಲ ಚಹಾ ಬಗ್ಗಿಸಿಕೊಳ್ಳುತ್ತ, ಮನೆಗೆ ಬಂದಿದ್ದ ಬೀಗರ ಎದುರಿಗೇ ಹೇಳಿದ:

"ಮಾಮಾರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮಾರಿ ಕಂಡ್ರ ಜನ ಬೆರಳ ಸರಿಸಿ ಮುಂದ ಹೊಕ್ಕಾರ."

ಬೀಗರು ನಕ್ಕರು. ಮೂವರು. ಯಾರು ಮೊದಲು ನಕ್ಕರೆಂಬುದೂ ನನಗೆ ನೆನಪಿದೆ.

ಆತನ ಸಾಕ್ಷ್ಯವಿಷ್ಟು: ಹಿಂದಿನ ವಾರ ಮೂರು ದಿನ ನನ್ನ ಮುಖವಿದ್ದ ಚಿತ್ರ, ನಂತರದ ಮೂರು ದಿನ ಬರೀ ಕಡಲೆಯ ರಾಶಿ. ರಾಶಿಗೆ ನೋಡುಗರು ಹೆಚ್ಚಿದ್ದರು.

"ಅಳಿಯಂದ್ರ, ಆ ಮೊದಲ ಮೂರು ದಿನ ಮಂದಿ ಎಲ್ಲಿದ್ರು?"

"ಹೊಲದಾಗ್ರಿ."

"ಆಮ್ಯಾಲೆ?"

"ಮಳಿ ಬಂತು. ಮನ್ಯಾಗ ಕುಂತಿದ್ರು."

"ಹಂಗಾದ್ರ ಗೆದ್ದದ್ದು ಮಳಿ. ಮತ್ತ ರಾಶಿ ಚಿತ್ರದಾಗ ಅಕ್ಷರ ದೊಡ್ಡವು, ಹಳದಿ. ನನ್ನ ಚಿತ್ರದಾಗ ಸಣ್ಣವು. ಒಂದು ತಳಿ ಕರಿ ಎರಿ ಹೊಲದಾಗ, ಇನ್ನೊಂದು ಕೆಂಪು ಮಣ್ಣಾಗ ಬಿತ್ತಿ ಯಾವುದು ಚಲೋ ಅಂತ ಕೇಳ್ತೀರೇನು?"

ನಾವು ವಿಡಿಯೋ ಹಾಕುವ ತಾಣದಲ್ಲೇ ಎರಡೂ ಚಿತ್ರಗಳನ್ನು ಒಂದೇ ಕಾಲಕ್ಕೆ ಬೇರೆ ಬೇರೆ ನೋಡುಗರಿಗೆ ಮನಬಂದಂತೆ ಹಂಚಿ, ಯಾವುದರಿಂದ ಎಷ್ಟು ಹೊತ್ತು ನೋಡಿದರೆಂದು ನೂರರಲ್ಲಿ ಪಾಲು ಹೇಳುವ ಸೌಕರ್ಯವಿದೆಯೆಂದು ಸೊಸಿ ತೋರಿಸಿದಳು. ಅಕ್ಷರ, ಬಣ್ಣ ಎಲ್ಲವನ್ನೂ ಸಮ ಮಾಡಿ ಮುಖವೊಂದನ್ನೇ ಬೇರೆಯಾಗಿಸಿದೆವು. ಎರಡನೆಯ ದಿನವೇ ಅಳಿಯ ಫೋನ್ ಹಿಡಿದು ಓಡಿ ಬಂದ. ರಾಶಿಗೆ ಐವತ್ತನಾಲ್ಕು, ನನಗೆ ನಲವತ್ತಾರು.

"ಮುಗೀತ್ರಿ ಮಾಮಾರ, ಬಂದ್ ಮಾಡೂಣು."

ನಾನು ಒಪ್ಪಲಿಲ್ಲ. ಫಾರ್ಮಿನಲ್ಲಿ ನಾವು ಒಂದೇ ತಳಿಯನ್ನು ಅಕ್ಕಪಕ್ಕದ ಎರಡು ಮಡಿಗಳಲ್ಲಿ ಬಿತ್ತುತ್ತಿದ್ದೆವು. ಇಳುವರಿ ಎಂದೂ ಒಂದೇ ಬರುತ್ತಿರಲಿಲ್ಲ. ನೆಲ ತಾನಾಗಿಯೇ ಎಷ್ಟು ಆಚೀಚೆ ಮಾಡುತ್ತದೆಂಬುದು ಅದರಿಂದ ತಿಳಿಯುತ್ತಿತ್ತು; ಅದನ್ನು ಮೀರಿದ ಅಂತರಕ್ಕೆ ಮಾತ್ರ ಮರ್ಯಾದೆ. ಆದ್ದರಿಂದ ಬೇರೆ ಮೂರು ವಿಡಿಯೋಗಳಿಗೆ ಒಂದೇ ಚಿತ್ರವನ್ನು ಎರಡೆರಡು ಸಲ ಹಾಕಿಸಿದೆ. ಎರಡನೆಯ ದಿನ ಒಂದರಲ್ಲಿ ಐವತ್ತೈದು, ನಲವತ್ತೈದು ಬಂದಿತ್ತು.

"ಅದ ಚಿತ್ರ ಅದಕ್ಕ ಹೆಂಗ ಸೋಲತೈತ್ರಿ?" ಎಂದ ಅಳಿಯ.

"ನನ್ನ ಮಾರಿ ಸೋತ ಹಂಗ," ಎಂದೆ.

ಸೊಸಿ ಸೆರಗು ಬಾಯಿಗೆ ಹಿಡಿದಳು. ಇದನ್ನು ನಾನು ನನ್ನ ಪರವಾದ ನಗು ಎಂದು ದಾಖಲಿಸಿಕೊಂಡಿದ್ದೇನೆ.

ಹದಿನಾಲ್ಕನೆಯ ದಿನಕ್ಕೆ ಆ ಮೂರೂ ಜೋಡಿಗಳ ಅಂತರ ಒಂದೆರಡಕ್ಕೆ ಕುಗ್ಗಿತ್ತು. ನೋಡುಗರು ಹೆಚ್ಚಿದಂತೆ ಸುಳ್ಳು ಅಂತರ ಸಣ್ಣದಾಗುತ್ತದೆ. ಆಗ ನಾನು ಕಾಗದದ ಮೇಲೆ ಕರಾರು ಬರೆದೆ. ಹೊಸ ನಾಲ್ಕು ವಿಡಿಯೋ, ಮುಖವೊಂದೇ ಬೇರೆ, ಪೂರ್ತಿ ಹದಿನಾಲ್ಕು ದಿನ, ನಡುವೆ ಯಾರೂ ಇಣುಕುವಂತಿಲ್ಲ, ಏಕೆಂದರೆ ದಿನಾ ಇಣುಕಿ ಬೇಕಾದ ದಿನ ನಿಲ್ಲಿಸುವವನು ಯಾವುದನ್ನಾದರೂ ಗೆಲ್ಲಿಸಬಲ್ಲ. ಒಂದೇ ಚಿತ್ರದ ಜೋಡಿಗಳಲ್ಲಿ ಕಂಡದ್ದಕ್ಕಿಂತ ಬಹಳ ದೊಡ್ಡ ಅಂತರ ನಾಲ್ಕರಲ್ಲೂ ಒಂದೇ ಕಡೆಗೆ ಬಂದರೆ ಅದು ನಿಜ. ಇಲ್ಲದಿದ್ದರೆ ಮುಖ ಇದ್ದಲ್ಲೇ ಇರುತ್ತದೆ. ಮೂವರೂ ಸಹಿ ಹಾಕಿದೆವು.

ಕೊನೆಯ ವಿಡಿಯೋದ ದಿನಗಳೂ ಮುಗಿದ ಮೇಲೆ ಸೊಸಿ ನಾಲ್ಕನ್ನೂ ತೆರೆದಳು. ಓದಲಿಲ್ಲ. ಫೋನನ್ನು ನನ್ನ ಕೈಗೆ ಕೊಟ್ಟಳು.

ನಾಲ್ಕರಲ್ಲೂ ರಾಶಿ ಗೆದ್ದಿತ್ತು. ಅತಿ ಕಡಿಮೆ ಅಂತರವೆಂದರೆ ಐವತ್ತೆಂಟು, ನಲವತ್ತೆರಡು. ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದೆ. ಅಂಕಿಗಳು ಅವೇ ಇದ್ದವು.

"ಇರಲಿ ಬಿಡ್ರಿ ಮಾಮಾ," ಎಂದಳು ಸೊಸಿ. "ಒಂದೊಂದರಾಗ ನಿಮ್ಮ ಮಾರಿ ಇಡೂಣು."

"ಕರಾರಿನ್ಯಾಗ ಹಂಗಿಲ್ಲವ್ವಾ," ಎಂದೆ. ಚಿತ್ರಗಳಿಂದ ನನ್ನನ್ನು ತೆಗೆಯುವಂತೆ ಹೇಳಿದವನು ನಾನೇ. ಅಳಿಯ ನಗಲಿಲ್ಲ. ಆತ ನಕ್ಕಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಅನಂತರ ಅದೇ ಕಾಗದವನ್ನು ಆತನ ಮುಂದೆ ಸರಿಸಿ ಪೆನ್ನು ಕೊಟ್ಟೆ.

"ಇನ್ನೇನು ಬರೀಬೇಕ್ರಿ ಮಾಮಾರ? ನಾ ಹೇಳಿದ್ದ ಖರೆ ಆತಲ್ಲ?"

"ಖರೆ ಆತು. ಆದ್ರ ಆ ಮಂಗಳವಾರ ನಿಮಗದು ಗೊತ್ತಿರಲಿಲ್ಲ. ಗೊತ್ತಿಲ್ಲದ ಮಾತು ಬೀಗರ ಮುಂದ ಆಡಿದ್ರಿ. ಅಷ್ಟು ಬರೀರಿ."

ಆತ ಕಾಗದವನ್ನು ತನ್ನತ್ತ ಎಳೆದುಕೊಂಡ. ಆಮೇಲೆ ಬರೆದ. ಅಕ್ಷರ ಚೆನ್ನಾಗಿಲ್ಲ, ಆದರೆ ಓದಬಹುದು. ಮುಂದಿನ ಸಲ ಬೀಗರು ಬಂದಾಗ ಚಹಾಕ್ಕೆ ಮೊದಲು ಅದನ್ನು ಓದಿ ತೋರಿಸಿದೆ.