ಮಣಿಪಾಲಕ್ಕೆ ಬರೆದ ಕೊನೆಯ ಮೇಲ್

ಕಾರ್ಕಳದ ಗೇರುಬೀಜ ಕಾರ್ಖಾನೆಯ ಆಫೀಸಿನಲ್ಲಿ ನಾನೂ ನನ್ನ ಗೆಳತಿಯೂ ಎದುರುಬದುರು ಕೂರುತ್ತಿದ್ದೆವು. ಅವಳ ಮನೆ ಬೆಳ್ಮಣ್ಣಿನಲ್ಲಿ, ನನ್ನದು ಕಾಪುವಿನಲ್ಲಿ. ದಿನಕ್ಕೆ ನಾಲ್ಕು ಬಸ್ಸು ಹತ್ತಿ ಇಳಿದು ನಾನು ಹೈರಾಣಾಗಿದ್ದೆ. ಹಾಗಾಗಿ ಮಣಿಪಾಲದ ಕಂಪನಿಯೊಂದರ ಸಂದರ್ಶನ ಮುಗಿದು, ನೇಮಕಾತಿ ನೋಡಿಕೊಳ್ಳುವ ಹುಡುಗಿ ಮುಂದಿನ ವಾರ ಆಫರ್ ಲೆಟರ್ ಬರುತ್ತದೆ ಎಂದಾಗ ಕಣ್ಣುಮುಚ್ಚಿ ನಂಬಿದೆ. ನಿಮ್ಮಂಥವರು ಇನ್ನೂ ಯಾರಾದರೂ ಇದ್ದಾರಾ ಎಂದು ಆಕೆ ಕೇಳಿದಳು. ಗೆಳತಿಯನ್ನು ಕೇಳಿಕೊಂಡು ಅವಳ ಹೆಸರು, ನಂಬರ್ ಕೊಟ್ಟೆ. ಉಡುಪಿಯಲ್ಲಿ ಸೇರಿ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಬಹುದೆಂಬ ಆಸೆ ನನಗೆ.

ಆರು ವಾರವಾದರೂ ಪತ್ರ ಬರಲಿಲ್ಲ. ಮೂರು ಮೇಲ್, ಎರಡು ವಾಟ್ಸಾಪ್ ಕಳಿಸಿದೆ. ನೀಲಿ ಗೆರೆ ಬೀಳುತ್ತಿತ್ತು, ಉತ್ತರ ಮಾತ್ರ ಇಲ್ಲ. ಇತ್ತ ಕಾರ್ಖಾನೆಯ ಧಣಿಯವರು ನನಗೆ ರಫ್ತು ವಿಭಾಗ ವಹಿಸಲು ಸಿದ್ಧರಿದ್ದರು. ಶನಿವಾರದೊಳಗೆ ಹೂಂ ಎನ್ನದಿದ್ದರೆ ಹೊರಗಿನವರನ್ನು ತರುವುದಾಗಿ ಹೇಳಿದರು. ಶುಕ್ರವಾರ ಸಂಜೆ ಬಸ್ಸಿನಲ್ಲೇ ಕೊನೆಯ ಮೇಲ್ ಬರೆದೆ. ಮೊದಲು ಬರೆದದ್ದರಲ್ಲಿ ಬೈಗುಳವೇ ಜಾಸ್ತಿ, ಅಳಿಸಿದೆ. ಸಂದರ್ಶನಕ್ಕೆ ಕರೆದದ್ದಕ್ಕೆ ವಂದನೆ, ನನ್ನ ಮೇಲ್‌ಗಳಿಗೆ ಉತ್ತರ ಬಾರದ್ದರಿಂದ ಅರ್ಜಿ ಹಿಂತೆಗೆದುಕೊಳ್ಳುತ್ತಿದ್ದೇನೆ, ಇನ್ನು ವಿಚಾರಿಸುವುದಿಲ್ಲ, ನನ್ನ ದಾಖಲೆಗಳನ್ನು ದಯವಿಟ್ಟು ಅಳಿಸಿ. ಇಷ್ಟೇ ಉಳಿಯಿತು.

ಪಕ್ಕದಲ್ಲಿದ್ದ ಗೆಳತಿಗೆ ಓದಲು ಕೊಟ್ಟೆ. ಹಿಂದಿನ ಎರಡು ಮೇಲ್‌ಗಳನ್ನು ತಿದ್ದಿಕೊಟ್ಟವಳೂ ಅವಳೇ, ಮಣಿಪಾಲದ ಹುಡುಗಿಗೆ ರಜೆ ಇರಬಹುದು ಎಂದು ಸಮಾಧಾನ ಹೇಳಿದವಳೂ ಅವಳೇ.

"ಇವತ್ತು ಕಳಿಸ್ಬೇಡ ಮಾರಾಯ್ತಿ" ಎಂದಳು.

"ಎಂತಕ್ಕೆ?"

ಅವಳು ಕಿಟಕಿಯ ಕಡೆ ನೋಡುತ್ತ ಹೇಳಿದಳು: "ಅಲ್ಲಿ ಇದ್ದದ್ದು ಒಂದೇ ಪೋಸ್ಟು. ನಿನಗೆ ಹೇಳದೆ ಇಂಟರ್‌ವ್ಯೂಗೆ ಹೋಗಿದ್ದೆ. ನನಗೆ ಆಫರ್ ಬಂದು ಮೂರು ವಾರ ಆಯ್ತು. ಸೋಮವಾರ ಇಲ್ಲಿ ರಾಜೀನಾಮೆ ಕೊಡ್ತೇನೆ. ಅಲ್ಲಿವರೆಗೆ ಯಾವ ಗಲಾಟೆಯೂ ಬೇಡ."

ನನಗೆ ಸಿಟ್ಟು ನೆತ್ತಿಗೇರಿತು. ಮಣಿಪಾಲದ ಹುಡುಗಿ ನನಗೆ ಯಾರೂ ಅಲ್ಲ. ಸುಮ್ಮನಿದ್ದು ಮೋಸ ಮಾಡಿದಳು ಅಷ್ಟೆ. ಇವಳು ಎಲ್ಲ ಗೊತ್ತಿದ್ದೂ ಮೂರು ವಾರ ನನ್ನ ಇಂಗ್ಲಿಷ್ ತಿದ್ದಿದಳಲ್ಲ! ಅವಳೆದುರೇ ಮೇಲ್ ಕಳಿಸಿದೆ. ಆರು ವಾರ ಬಾರದ ಉತ್ತರ ಎರಡೇ ನಿಮಿಷದಲ್ಲಿ ಬಂತು. ತಿಳಿಸಿದ್ದಕ್ಕೆ ಧನ್ಯವಾದ, ಶುಭವಾಗಲಿ.

ಬೆಳ್ಮಣ್ ಬಂತು. ಗೆಳತಿ ಎದ್ದು, ಸೀಟಿನ ಕಂಬಿ ಹಿಡಿದು ಮೆಲ್ಲಗೆ ಕೇಳಿದಳು: "ಕಳಿಸುವಾಗ ಅದರಲ್ಲಿ ನನ್ನ ಹೆಸರು ಸೇರಿಸ್ಲಿಲ್ಲ ಅಲ್ವಾ?"

"ಇಲ್ಲ" ಎಂದೆ. "ನಿನ್ನ ಹೆಸರು ಮೊದಲೇ ಕೊಟ್ಟಾಗಿದೆ."

ಅವಳು ಇಳಿದಳು. ನಾನು ಪಡುಬಿದ್ರಿಯಲ್ಲಿ ಕಾಪುವಿನ ಬಸ್ಸು ಕಾಯುತ್ತ ನಿಂತು, ಧಣಿಯವರಿಗೆ ಫೋನ್ ಮಾಡಿ ಹೂಂ ಎಂದೆ.